ಕ್ಯಾನ್ ಇದ್ದಲ್ಲಿ ಏಬಲ್ ಏಕೆ?



ಕಚೇರಿಯ ಇಂಗ್ಲಿಷ್ ಮೇಲ್‌ಗಳಲ್ಲಿ ದಿನವೂ ಕಾಣುವ ಒಂದು ತಪ್ಪಿನ ಬಗ್ಗೆ ಇವತ್ತು ಮಾತಾಡುತ್ತೇನೆ. 'ಐ ಕ್ಯಾನ್ ಏಬಲ್ ಟು ಡೂ.' 'ವಿ ಕುಡ್ ಏಬಲ್ ಟು ಫಿನಿಶ್.' ಇಂಥ ವಾಕ್ಯಗಳನ್ನು ನೀವು ಓದಿರುತ್ತೀರಿ. ನಿಮ್ಮಲ್ಲಿ ಕೆಲವರು ಬರೆದೂ ಇರಬಹುದು.

ಇದು ತಪ್ಪು ಎಂದು ಬಹಳ ಜನಕ್ಕೆ ಗೊತ್ತು. 'ಕ್ಯಾನ್' ಮತ್ತು 'ಏಬಲ್' ಎರಡರಲ್ಲಿ ಒಂದನ್ನು ತೆಗೆಯಬೇಕು ಎಂದೂ ಗೊತ್ತು. ಆದರೆ ಯಾವುದನ್ನು ತೆಗೆಯಬೇಕು? ತೊಡಕು ಇರುವುದು ಅಲ್ಲೇ. ತೆಗೆಯಬಾರದ್ದನ್ನು ತೆಗೆದರೆ ವ್ಯಾಕರಣ ಸರಿಹೋಗುತ್ತದೆ, ಅರ್ಥ ಕೆಡುತ್ತದೆ. ಅಂಥ ವಾಕ್ಯ ಮೊದಲಿದ್ದ ತಪ್ಪಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಏಕೆಂದರೆ ಅದು ನೋಡಲು ಸರಿಯಾಗಿಯೇ ಇರುತ್ತದೆ. ಓದುವವರಿಗೆ ಅನುಮಾನವೇ ಹುಟ್ಟುವುದಿಲ್ಲ.

ಒಂದು ಮೇಲ್ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ ಎಂದುಕೊಳ್ಳಿ. ಅದರ ಗಿರಾಕಿ ಪುಣೆಯಲ್ಲಿದ್ದಾರೆ. ಕಳಿಸಿದ ಬುಷ್‌ಗಳಲ್ಲಿ ಒಳರಂಧ್ರದ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಮಾಲು ವಾಪಸು ಬಂದಿದೆ. ಕಾರ್ಖಾನೆಯವರು ಅದನ್ನು ಸರಿಮಾಡಿದ್ದಾರೆ. ಆದರೆ ತಿದ್ದಿದ ಡ್ರಾಯಿಂಗ್ ಪುಣೆಯಿಂದ ಬರಬೇಕು. ಅದು ಬಾರದೆ ಮಾಲು ಹೊರಡುವಂತಿಲ್ಲ. ಡಿಸ್‌ಪ್ಯಾಚ್ ವಿಭಾಗದ ಹುಡುಗಿ ಪುಣೆಗೆ ಒಂದು ಮೇಲ್ ಬರೆಯುತ್ತಾಳೆ. ಐದೇ ವಾಕ್ಯ. ನಿಧಾನವಾಗಿ ಓದುತ್ತೇನೆ, ಕೇಳಿ.

'ವಿ ಕುಡ್ ಏಬಲ್ ಟು ರೆಕ್ಟಿಫೈ ದ ಬೋರ್ ಸೈಜ್. ಬಟ್ ವಿ ಕ್ಯಾನ್‌ನಾಟ್ ಏಬಲ್ ಟು ಡಿಸ್‌ಪ್ಯಾಚ್ ಟುಡೇ. ವಿ ಡಿಡ್ ನಾಟ್ ರಿಸೀವ್ಡ್ ದ ರಿವೈಸ್ಡ್ ಡ್ರಾಯಿಂಗ್. ಡಿಡ್ ಯು ಏಬಲ್ ಟು ಚೆಕ್ ವಿತ್ ಯುವರ್ ಡಿಸೈನ್ ಟೀಮ್? ಇಫ್ ವಿ ಗೆಟ್ ಇಟ್ ಟುಡೇ, ವಿ ವಿಲ್ ಕ್ಯಾನ್ ಏಬಲ್ ಟು ಸೆಂಡ್ ದ ಪಾರ್ಟ್ಸ್ ಬೈ ಫ್ರೈಡೇ.'

ಹೇಳಬೇಕಾದದ್ದನ್ನೆಲ್ಲ ಆಕೆ ಹೇಳಿದ್ದಾಳೆ. ಒಂದೂ ವಿಷಯ ಬಿಟ್ಟಿಲ್ಲ. ಆದರೂ ಐದು ವಾಕ್ಯಗಳಲ್ಲೂ ಒಂದೇ ಜಾತಿಯ ತಪ್ಪಿದೆ. ಕ್ರಿಯಾಪದ ಒಂದೇ ಸಲ ಮಾಡಬೇಕಾದ ಕೆಲಸವನ್ನು ಎರಡು ಸಲ ಮಾಡಿಸಲಾಗಿದೆ.

ಈ ತಪ್ಪು ಎಲ್ಲಿಂದ ಬರುತ್ತದೆ? ಮೊದಲು ಅದನ್ನು ನೋಡೋಣ. ಬುಡ ತಿಳಿಯದೆ ತಿದ್ದಿದರೆ ನಾಳೆ ಮತ್ತೆ ಅದೇ ತಪ್ಪು ಬರುತ್ತದೆ.

ಶಾಲೆಯಲ್ಲಿ ನಮಗೆ 'ಕ್ಯಾನ್' ಅಂದರೆ ಸಾಧ್ಯ ಎಂದು ಹೇಳಿಕೊಡುತ್ತಾರೆ. 'ಏಬಲ್ ಟು' ಅಂದರೂ ಸಾಧ್ಯ ಎಂದೇ ಹೇಳಿಕೊಡುತ್ತಾರೆ. ಅರ್ಥ ಒಂದೇ ಆದದ್ದರಿಂದ ಎರಡೂ ಒಂದೇ ಬಗೆಯ ಪದ ಎಂದು ಮನಸ್ಸು ನಂಬಿಬಿಡುತ್ತದೆ. ವಾಸ್ತವ ಹಾಗಿಲ್ಲ. 'ಕ್ಯಾನ್' ಒಂದು ಸಹಾಯಕ ಕ್ರಿಯಾಪದ. ಅದರ ಹಿಂದೆಯೇ ಮುಖ್ಯ ಕ್ರಿಯಾಪದ ಮೂಲ ರೂಪದಲ್ಲಿ ಬರಬೇಕು. 'ಕ್ಯಾನ್ ಸೆಂಡ್', 'ಕ್ಯಾನ್ ಡೂ'. 'ಏಬಲ್' ಕ್ರಿಯಾಪದವೇ ಅಲ್ಲ. ಅದು 'ರೆಡಿ', 'ಹ್ಯಾಪಿ' ಇದ್ದ ಹಾಗೆ ಒಂದು ಗುಣವಾಚಕ. 'ಐ ರೆಡಿ' ಎಂದು ಯಾರೂ ಬರೆಯುವುದಿಲ್ಲ. 'ಐ ಆಮ್ ರೆಡಿ' ಎನ್ನುತ್ತೇವೆ. 'ಏಬಲ್'ಗೂ ಹಾಗೆಯೇ ಮುಂಚೆ ಒಂದು 'ಆಮ್' ಬೇಕು, ಇಲ್ಲವೇ 'ಈಸ್', 'ಆರ್', 'ವಾಸ್', 'ವರ್' ಬೇಕು.

ಈ 'ಆಮ್' ಬಿಟ್ಟುಹೋದದ್ದು ನಮ್ಮ ಕಿವಿಗೆ ತಿಳಿಯುವುದಿಲ್ಲ. ಅದಕ್ಕೆ ಕಾರಣ ಕನ್ನಡದಲ್ಲೇ ಇದೆ. 'ಅವರು ನಮ್ಮ ಮ್ಯಾನೇಜರು' ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿನಲ್ಲಿ ಅಲ್ಲೊಂದು 'ಈಸ್' ಇರಲೇಬೇಕು. 'ಆಮ್' ಕೂರಬೇಕಾದ ಆ ಖಾಲಿ ಜಾಗಕ್ಕೆ, ಅರ್ಥದಲ್ಲಿ ಹತ್ತಿರವಿರುವ 'ಕ್ಯಾನ್' ಬಂದು ಕೂರುತ್ತದೆ. 'ಕ್ಯಾನ್ ಏಬಲ್' ಹುಟ್ಟುವುದು ಹೀಗೆ. 'ಐ ಅನೇಬಲ್ ಟು ಓಪನ್ ದ ಫೈಲ್' ಎಂಬ ಇನ್ನೊಂದು ತಪ್ಪು ಕೂಡ ಇಲ್ಲಿಂದಲೇ ಬರುತ್ತದೆ. ಅಲ್ಲಿ ಆ ಜಾಗ ಖಾಲಿಯಾಗಿಯೇ ಉಳಿದಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. 'ಕ್ಯಾನ್' ತನ್ನ ಹಿಂದೆ ನೇರವಾಗಿ ಮುಖ್ಯ ಕ್ರಿಯಾಪದವನ್ನು ಬಯಸುತ್ತದೆ. 'ಏಬಲ್' ತನ್ನ ಮುಂಚೆ 'ಆಮ್', 'ಈಸ್', 'ವಾಸ್' ಮುಂತಾದ ಒಂದನ್ನು ಬಯಸುತ್ತದೆ. ಎರಡೂ ಜೊತೆಗೆ ನಿಲ್ಲುವುದಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು.

ಈಗ ಮೇಲ್‌ನ ಮೊದಲ ವಾಕ್ಯಕ್ಕೆ ಬರೋಣ. 'ವಿ ಕುಡ್ ಏಬಲ್ ಟು ರೆಕ್ಟಿಫೈ ದ ಬೋರ್ ಸೈಜ್.' ಐದರಲ್ಲಿ ಇದೇ ಮುಖ್ಯವಾದದ್ದು, ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸುಲಭವಾಗಿ ಕೈಗೆ ಸಿಗುವ ತಿದ್ದುಪಡಿ ಯಾವುದು? 'ಏಬಲ್ ಟು' ತೆಗೆದುಹಾಕುವುದು. ಆಗ 'ವಿ ಕುಡ್ ರೆಕ್ಟಿಫೈ ದ ಬೋರ್ ಸೈಜ್' ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಈಗ ಇದನ್ನು ಪುಣೆಯ ಖರೀದಿ ಅಧಿಕಾರಿಯ ಕಣ್ಣಿನಿಂದ ಓದಿ. ಅವರಿಗೆ ಇದು ಹೇಗೆ ಕಾಣುತ್ತದೆ? 'ಬೇಕಿದ್ದರೆ ನಾವು ಅಳತೆ ಸರಿಮಾಡಬಹುದು' ಎಂದು ಕಾಣುತ್ತದೆ. ಆಗಿಹೋದ ಕೆಲಸ ಒಂದು ಸಲಹೆಯಾಗಿ ಮಾರ್ಪಟ್ಟಿತು. ಅವರು 'ಓಕೆ, ಪ್ಲೀಸ್ ಪ್ರೊಸೀಡ್' ಎಂದು ಉತ್ತರ ಬರೆಯುತ್ತಾರೆ. ಇಲ್ಲಿ ಪೀಣ್ಯದಲ್ಲಿ ಬುಷ್‌ಗಳು ಆಗಲೇ ಪೆಟ್ಟಿಗೆ ಸೇರಿ ಕೂತಿವೆ. ಯಾವುದನ್ನು ಪ್ರೊಸೀಡ್ ಮಾಡಬೇಕು ಎಂದು ತಿಳಿಯದೆ ಹುಡುಗಿ ಫೋನ್ ಮಾಡಬೇಕು. ಅವರು ಊಟಕ್ಕೆ ಹೋಗಿದ್ದರೆ ಒಂದು ಮಧ್ಯಾಹ್ನ ಹೋಯಿತು.

ಕಾರಣ ಹೀಗಿದೆ. 'ಕುಡ್' ಪದಕ್ಕೆ ಎರಡು ಮುಖ. ಹಿಂದೆ ಒಂದು ಕಾಲದಲ್ಲಿ ಇದ್ದ ಶಕ್ತಿಯನ್ನು ಅದು ಹೇಳುತ್ತದೆ. 'ಚಿಕ್ಕಂದಿನಲ್ಲಿ ನಾನು ಈಜುತ್ತಿದ್ದೆ, ನನಗೆ ಬರುತ್ತಿತ್ತು' ಎನ್ನುವಾಗ 'ಐ ಕುಡ್ ಸ್ವಿಮ್' ಸರಿ. ಮುಂದೆ ಆಗಬಹುದಾದ ಸಾಧ್ಯತೆಯನ್ನೂ ಅದೇ ಪದ ಹೇಳುತ್ತದೆ. ಆದರೆ ನಿನ್ನೆ ಒಂದು ನಿರ್ದಿಷ್ಟ ಕೆಲಸ ಕೈಗೂಡಿತು ಎಂದು ಹೇಳಲು ಇಂಗ್ಲಿಷ್ ಸಾಮಾನ್ಯವಾಗಿ 'ಕುಡ್' ಬಳಸುವುದಿಲ್ಲ. ಅಲ್ಲಿ 'ವಾಸ್ ಏಬಲ್ ಟು' ಅಥವಾ 'ವರ್ ಏಬಲ್ ಟು' ಬರಬೇಕು. ಹಾಗಾಗಿ ಈ ವಾಕ್ಯದಲ್ಲಿ ತೆಗೆಯಬೇಕಾದದ್ದು 'ಏಬಲ್' ಅಲ್ಲ, 'ಕುಡ್'. 'ವಿ ವರ್ ಏಬಲ್ ಟು ರೆಕ್ಟಿಫೈ ದ ಬೋರ್ ಸೈಜ್.' ಇದು ಸರಿಯಾದ ತಿದ್ದುಪಡಿ.

ಇದಕ್ಕಿಂತ ಒಳ್ಳೆಯದು ಇನ್ನೊಂದಿದೆ. 'ವಿ ರೆಕ್ಟಿಫೈಡ್ ದ ಬೋರ್ ಸೈಜ್.' ಸರಿಮಾಡಿದೆವು, ಅಷ್ಟೆ. ಕೆಲಸ ಆಗಿದೆ ಎಂದ ಮೇಲೆ ಅದನ್ನು ಮಾಡಲು ಸಾಧ್ಯವಾಯಿತು ಎಂಬುದು ಅದರೊಳಗೇ ಬಂತು. ಅಡ್ಡಿ ಏನಾದರೂ ಇದ್ದು ಅದನ್ನು ದಾಟಿ ಮಾಡಿದ್ದರೆ ಮಾತ್ರ 'ವರ್ ಏಬಲ್ ಟು' ಇರಲಿ. ಉಳಿದ ಕಡೆ ಸರಳ ಭೂತಕಾಲವೇ ಸಾಕು. ಕಚೇರಿಯ ಮೇಲ್‌ಗಳಲ್ಲಿ 'ಕುಡ್ ಏಬಲ್ ಟು' ಬರುವ ಬಹುಪಾಲು ಜಾಗಗಳಲ್ಲಿ ಬರೆದವರಿಗೆ ನಿಜವಾಗಿ ಬೇಕಿದ್ದದ್ದು ಈ ಸರಳ ಭೂತಕಾಲವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ವಿನಾಯಿತಿ ಹೇಳಿಬಿಡುತ್ತೇನೆ. ನೋಡುವುದು, ಕೇಳಿಸುವುದು ಮುಂತಾದ ಇಂದ್ರಿಯದ ಕ್ರಿಯೆಗಳ ಜೊತೆ ಒಂದೇ ಸಲದ ಘಟನೆಗೂ 'ಕುಡ್' ನಡೆಯುತ್ತದೆ. 'ಐ ಕುಡ್ ಸೀ ದ ಕ್ರ್ಯಾಕ್ ಆನ್ ದ ಪಾರ್ಟ್.' ಬಿಡಿಭಾಗದ ಮೇಲೆ ಬಿರುಕು ನನಗೆ ಕಂಡಿತು. ಇದು ಸರಿಯೇ.

ಮೊದಲ ವಾಕ್ಯದಿಂದ ತಿಳಿದದ್ದು: ಆಗಿಹೋದ ಕೆಲಸವಾದರೆ 'ಕುಡ್' ಹೋಗಬೇಕು, 'ವಾಸ್' ಅಥವಾ 'ವರ್' ಬರಬೇಕು. ಈಗ ಎರಡನೆಯ ವಾಕ್ಯ. ಅದು ಆಗದ ಕೆಲಸದ ಮಾತು.

'ವಿ ಕ್ಯಾನ್‌ನಾಟ್ ಏಬಲ್ ಟು ಡಿಸ್‌ಪ್ಯಾಚ್ ಟುಡೇ.' ಇಲ್ಲಿ ಯಾವುದನ್ನು ತೆಗೆದರೂ ನಡೆಯುತ್ತದೆ. 'ವಿ ಕ್ಯಾನ್‌ನಾಟ್ ಡಿಸ್‌ಪ್ಯಾಚ್ ಟುಡೇ' ಸರಿ. 'ವಿ ಆರ್ ನಾಟ್ ಏಬಲ್ ಟು ಡಿಸ್‌ಪ್ಯಾಚ್ ಟುಡೇ' ಕೂಡ ಸರಿ. ದನಿ ಮಾತ್ರ ಬೇರೆ. 'ಕ್ಯಾನ್‌ನಾಟ್' ಎಂದರೆ ಕೆಲವು ಸಲ ನಿರಾಕರಣೆಯ ಹಾಗೆ, ಕಳಿಸುವುದಿಲ್ಲ ಎಂದ ಹಾಗೆ ಕೇಳಿಸಬಹುದು. 'ಆರ್ ನಾಟ್ ಏಬಲ್ ಟು' ಅಥವಾ 'ಆರ್ ಅನೇಬಲ್ ಟು' ಎಂದರೆ ಮನಸ್ಸಿದೆ, ಪರಿಸ್ಥಿತಿ ಬಿಡುತ್ತಿಲ್ಲ ಎಂಬ ಛಾಯೆ. ಗಿರಾಕಿಗೆ ಬರೆಯುವಾಗ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಇದೇ ಮಾತು ನಿನ್ನೆಯದಾಗಿದ್ದರೆ 'ವಿ ಕುಡ್ ನಾಟ್ ಡಿಸ್‌ಪ್ಯಾಚ್ ಯೆಸ್ಟರ್‌ಡೇ' ಎನ್ನಬಹುದು. ಇಲ್ಲಿ 'ಕುಡ್'ಗೆ ತೊಂದರೆಯಿಲ್ಲ. ಒಂದೇ ಸಲದ ಕೆಲಸ ಕೈಗೂಡಿತು ಎನ್ನಲು 'ಕುಡ್' ಸಲ್ಲದು, ಕೈಗೂಡಲಿಲ್ಲ ಎನ್ನಲು 'ಕುಡ್ ನಾಟ್' ಸಲ್ಲುತ್ತದೆ. ಈ ವ್ಯತ್ಯಾಸ ವಿಚಿತ್ರವಾಗಿ ಕಾಣಬಹುದು. ಆದರೆ ಇಂಗ್ಲಿಷಿನ ರೂಢಿ ಹಾಗಿದೆ. 'ಸಾಧ್ಯವಾಯಿತು' ಎಂದು ಮನಸ್ಸಿಗೆ ಬಂದರೆ 'ವಾಸ್ ಏಬಲ್ ಟು'. 'ಸಾಧ್ಯವಾಗಲಿಲ್ಲ' ಎಂದು ಬಂದರೆ 'ಕುಡ್ ನಾಟ್'. ಇಷ್ಟು ನೆನಪಿಟ್ಟರೆ ಭೂತಕಾಲದಲ್ಲಿ ಎಡವುವುದಿಲ್ಲ.

ಕೇಳುಗರೇ, ಎರಡು ವಾಕ್ಯ ಮುಗಿದವು. ಎರಡರಲ್ಲೂ 'ಏಬಲ್' ಇತ್ತು. ಮೂರನೆಯದರಲ್ಲಿ 'ಏಬಲ್' ಇಲ್ಲ, ಆದರೆ ದೋಷ ಅದೇ ಕುಲದ್ದು. 'ವಿ ಡಿಡ್ ನಾಟ್ ರಿಸೀವ್ಡ್ ದ ರಿವೈಸ್ಡ್ ಡ್ರಾಯಿಂಗ್.'

ಇಲ್ಲಿ ಭೂತಕಾಲದ ಗುರುತು ಎರಡು ಸಲ ಬಂದಿದೆ. 'ಡಿಡ್' ಒಂದು ಸಲ ಹೇಳಿತು, 'ರಿಸೀವ್ಡ್' ಇನ್ನೊಂದು ಸಲ ಹೇಳಿತು. 'ಡಿಡ್' ಬಂದ ಮೇಲೆ ಮುಖ್ಯ ಕ್ರಿಯಾಪದ ಮೂಲ ರೂಪಕ್ಕೆ ಮರಳಬೇಕು. 'ಡಿಡ್ ನಾಟ್ ರಿಸೀವ್.' ಇದನ್ನು ನೆನಪಿಡಲು ಕನ್ನಡವೇ ಸಹಾಯಕ್ಕೆ ಬರುತ್ತದೆ. ನಾವು 'ಬರಲಿಲ್ಲ' ಎನ್ನುತ್ತೇವೆ. ಆ ಪದವನ್ನು ಬಿಡಿಸಿ ನೋಡಿ. 'ಬರಲು' ಮತ್ತು 'ಇಲ್ಲ'. 'ಬಂದ' ಎಂಬ ಭೂತಕಾಲದ ರೂಪ ಅದರಲ್ಲಿ ಎಲ್ಲೂ ಇಲ್ಲ. 'ಬಂದಲಿಲ್ಲ' ಎಂದು ಕನ್ನಡದ ಮಗು ಕೂಡ ಹೇಳುವುದಿಲ್ಲ. ಇಂಗ್ಲಿಷಿನ 'ಡಿಡ್ ನಾಟ್ ಕಮ್' ಕೂಡ ಹಾಗೆಯೇ.

ಹಾಗಿದ್ದರೆ ತಪ್ಪು ಹೇಗೆ ನುಸುಳುತ್ತದೆ? ಕನ್ನಡದಲ್ಲಿ 'ಬಂದಿಲ್ಲ' ಎಂಬ ಇನ್ನೊಂದು ರೂಪವೂ ಇದೆ. ಅದರಲ್ಲಿ 'ಬಂದು' ಇದೆ. ಡಿಸ್‌ಪ್ಯಾಚ್‌ನ ಹುಡುಗಿಯ ಮನಸ್ಸಿನಲ್ಲಿದ್ದದ್ದು 'ಡ್ರಾಯಿಂಗ್ ಇನ್ನೂ ಬಂದಿಲ್ಲ' ಎಂಬ ಮಾತು. ಅದನ್ನು ಬರೆಯಲು ಹೊರಟು ಆಕೆ 'ಡಿಡ್ ನಾಟ್'ನಿಂದ ಶುರುಮಾಡಿದಳು. ಕೊನೆಯಲ್ಲಿ 'ರಿಸೀವ್ಡ್' ಹಾಗೇ ಉಳಿಯಿತು. 'ಇನ್ನೂ ಬಂದಿಲ್ಲ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಯಾಗಿ ಹೊಂದುವ ರೂಪ ಬೇರೆ ಇದೆ. 'ಹ್ಯಾವ್ ನಾಟ್ ರಿಸೀವ್ಡ್.' ಆದ್ದರಿಂದ ಇಲ್ಲಿ 'ರಿಸೀವ್ಡ್' ಪದವನ್ನು ಮುಟ್ಟಬೇಕಾಗಿಯೇ ಇಲ್ಲ. 'ಡಿಡ್' ಇದ್ದಲ್ಲಿ 'ಹ್ಯಾವ್' ಇಟ್ಟರೆ ಆಯಿತು. 'ವಿ ಹ್ಯಾವ್ ನಾಟ್ ರಿಸೀವ್ಡ್ ದ ರಿವೈಸ್ಡ್ ಡ್ರಾಯಿಂಗ್ ಯೆಟ್.' ಇನ್ನೂ ಕಾಯುತ್ತಿದ್ದೇವೆ, ಕಳಿಸಿಕೊಡಿ ಎಂಬ ಭಾವ ಇದರಲ್ಲಿದೆ. 'ಡಿಡ್ ನಾಟ್ ರಿಸೀವ್' ಎಂದರೆ ಅದು ಮುಗಿದುಹೋದ ಘಟನೆಯ ವರದಿ ಮಾತ್ರ.

ನೋಡಿ, ಮತ್ತೆ ಅದೇ ಮಾತಿಗೆ ಬಂದೆವು. ಎರಡು ಗುರುತುಗಳಲ್ಲಿ ಒಂದು ಹೋಗಬೇಕು. ಯಾವುದು ಹೋಗಬೇಕು ಎಂಬುದನ್ನು ನಾವು ಹೇಳಹೊರಟ ಅರ್ಥ ತೀರ್ಮಾನಿಸುತ್ತದೆ.

ನಾಲ್ಕನೆಯ ವಾಕ್ಯ ಒಂದು ಪ್ರಶ್ನೆ. 'ಡಿಡ್ ಯು ಏಬಲ್ ಟು ಚೆಕ್?' ಇಲ್ಲಿ ಹೆಚ್ಚು ಹೇಳಬೇಕಿಲ್ಲ. 'ಏಬಲ್' ಕ್ರಿಯಾಪದವಲ್ಲ ಎಂದು ಆಗಲೇ ನೋಡಿದೆವು. ಕ್ರಿಯಾಪದವಲ್ಲದ್ದಕ್ಕೆ 'ಡಿಡ್' ಸೇರುವುದಿಲ್ಲ. 'ವರ್ ಯು ಏಬಲ್ ಟು ಚೆಕ್?' ಎಂದಾಗಬೇಕು. ಅಷ್ಟು ಸುತ್ತು ಬೇಡ ಎನಿಸಿದರೆ 'ಡಿಡ್ ಯು ಚೆಕ್?' ಎಂದು ಕೇಳಬಹುದು. ಆದರೆ ಹಿರಿಯರಿಗೂ ಗಿರಾಕಿಗಳಿಗೂ ಅದು ಜೋರು ಮಾಡಿದ ಹಾಗೆ ಕಾಣಬಹುದು. 'ವರ್ ಯು ಏಬಲ್ ಟು' ಎಂದಾಗ, ಆಗದಿದ್ದರೂ ಅದು ಅವರ ತಪ್ಪಲ್ಲ ಎಂಬ ಸೌಜನ್ಯ ಉಳಿಯುತ್ತದೆ.

ಈಗ ಉಳಿದದ್ದು ಕೊನೆಯ ವಾಕ್ಯ. ಇದುವರೆಗೆ ಇವತ್ತಿನ ಮತ್ತು ನಿನ್ನೆಯ ಮಾತಾಯಿತು. ಇದು ನಾಳೆಯ ಮಾತು. 'ವಿ ವಿಲ್ ಕ್ಯಾನ್ ಏಬಲ್ ಟು ಸೆಂಡ್ ದ ಪಾರ್ಟ್ಸ್ ಬೈ ಫ್ರೈಡೇ.' ಇಲ್ಲಿ ಎರಡಲ್ಲ, ಮೂರು ಸೇರಿಕೊಂಡಿವೆ. 'ವಿಲ್', 'ಕ್ಯಾನ್', 'ಏಬಲ್'.

ಕನ್ನಡದಲ್ಲಿ 'ಆಗುತ್ತೆ' ಎಂದರೆ ಇವತ್ತಿಗೂ ಆಯಿತು, ನಾಳೆಗೂ ಆಯಿತು. 'ಈಗ ಕಳಿಸೋಕಾಗುತ್ತೆ', 'ಶುಕ್ರವಾರ ಕಳಿಸೋಕಾಗುತ್ತೆ'. ರೂಪ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ನಾಳೆಯ ಸಾಮರ್ಥ್ಯಕ್ಕೆ 'ವಿಲ್' ಬೇಕು. ಆದರೆ 'ವಿಲ್' ಹಿಂದೆ 'ಕ್ಯಾನ್' ನಿಲ್ಲುವುದಿಲ್ಲ. ಸ್ಕಾಟ್‌ಲೆಂಡಿನ ಆಡುಮಾತಿನಲ್ಲಿ 'ವಿಲ್ ಕ್ಯಾನ್' ಎಂಬ ಬಳಕೆ ಇದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ 'ಮೈಟ್ ಕುಡ್' ಎನ್ನುವವರಿದ್ದಾರೆ. ಅವು ಆಯಾ ಊರಿನ ಮಾತು. ಕಚೇರಿಯ ಬರಹಕ್ಕೆ ಅವು ಬಂದಿಲ್ಲ.

'ಕ್ಯಾನ್'ಗೆ 'ಕುಡ್' ಬಿಟ್ಟರೆ ಬೇರೆ ರೂಪವೇ ಇಲ್ಲ. 'ಟು ಕ್ಯಾನ್' ಎನ್ನಲಾಗದು. 'ಹ್ಯಾವ್ ಕ್ಯಾನ್' ಎನ್ನಲಾಗದು. 'ಮೇ ಕ್ಯಾನ್' ಎನ್ನಲಾಗದು. 'ಕ್ಯಾನ್' ಹೋಗಲಾರದ ಈ ಜಾಗಗಳಿಗೆಲ್ಲ ಅದರ ಬದಲಿಗೆ 'ಬಿ ಏಬಲ್ ಟು' ಹೋಗುತ್ತದೆ. 'ವಿಲ್ ಬಿ ಏಬಲ್ ಟು', 'ಮೇ ಬಿ ಏಬಲ್ ಟು', 'ಹ್ಯಾವ್ ಬೀನ್ ಏಬಲ್ ಟು', 'ಹೋಪ್ ಟು ಬಿ ಏಬಲ್ ಟು'. ಇಷ್ಟಿದ್ದರೂ ನಡುವಿನ 'ಬಿ' ಬಿಟ್ಟು 'ವಿಲ್ ಏಬಲ್ ಟು' ಎಂದು ಬರೆಯುವವರು ಬಹಳ. ಆ 'ಬಿ' ಅಕ್ಷರದಲ್ಲಿ ಚಿಕ್ಕದು, ವಾಕ್ಯ ನಿಂತಿರುವುದು ಅದರ ಮೇಲೆ.

ನಮ್ಮ ಮೇಲ್‌ನ ಕೊನೆಯ ವಾಕ್ಯ ಹಾಗಾಗಿ 'ವಿ ವಿಲ್ ಬಿ ಏಬಲ್ ಟು ಸೆಂಡ್ ದ ಪಾರ್ಟ್ಸ್ ಬೈ ಫ್ರೈಡೇ' ಎಂದಾಗುತ್ತದೆ. ಬರೀ 'ವಿ ಕ್ಯಾನ್ ಸೆಂಡ್ ದ ಪಾರ್ಟ್ಸ್ ಬೈ ಫ್ರೈಡೇ' ಎಂದರೂ ತಪ್ಪಲ್ಲ. ಶುಕ್ರವಾರದ ಏರ್ಪಾಡನ್ನು ಈಗಲೇ ಒಪ್ಪಿಕೊಳ್ಳುವಾಗ 'ಕ್ಯಾನ್' ಸಾಕು. ಆದರೆ ಇಲ್ಲಿ ಶಕ್ತಿ ಈಗ ಕೈಯಲ್ಲಿಲ್ಲ. ಡ್ರಾಯಿಂಗ್ ಬಂದ ಮೇಲೆ ಬರುತ್ತದೆ. ಅದಕ್ಕೆ 'ವಿಲ್ ಬಿ ಏಬಲ್ ಟು' ಹೆಚ್ಚು ಒಪ್ಪುತ್ತದೆ.

'ಕ್ಯಾನ್ ಬಿ ಏಬಲ್ ಟು' ಎಂದು ಬರೆಯಬಹುದೇ ಎಂದು ಯಾರಾದರೂ ಕೇಳಬಹುದು. 'ಬಿ' ಇದೆಯಲ್ಲ, ಸರಿಯಾಯಿತಲ್ಲ? ರಚನೆ ಸರಿ, ಆದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಯಿತು. ಬೇಡ.

ಈಗ ಐದು ವಾಕ್ಯಗಳನ್ನೂ ತಿದ್ದಿದ ರೂಪದಲ್ಲಿ ಒಟ್ಟಿಗೆ ಓದುತ್ತೇನೆ. 'ವಿ ರೆಕ್ಟಿಫೈಡ್ ದ ಬೋರ್ ಸೈಜ್. ಬಟ್ ವಿ ಆರ್ ನಾಟ್ ಏಬಲ್ ಟು ಡಿಸ್‌ಪ್ಯಾಚ್ ಟುಡೇ. ವಿ ಹ್ಯಾವ್ ನಾಟ್ ರಿಸೀವ್ಡ್ ದ ರಿವೈಸ್ಡ್ ಡ್ರಾಯಿಂಗ್ ಯೆಟ್. ವರ್ ಯು ಏಬಲ್ ಟು ಚೆಕ್ ವಿತ್ ಯುವರ್ ಡಿಸೈನ್ ಟೀಮ್? ಇಫ್ ವಿ ಗೆಟ್ ಇಟ್ ಟುಡೇ, ವಿ ವಿಲ್ ಬಿ ಏಬಲ್ ಟು ಸೆಂಡ್ ದ ಪಾರ್ಟ್ಸ್ ಬೈ ಫ್ರೈಡೇ.' ದೊಡ್ಡ ಪದ ಒಂದೂ ಹೊಸದಾಗಿ ಸೇರಿಲ್ಲ. ಆಕೆಯ ಪದಗಳೇ, ಆಕೆಯ ಕ್ರಮವೇ.

ತಪ್ಪು ಹೇಗೆ ಬರುತ್ತದೆ, ಹೇಗೆ ತಿದ್ದಬೇಕು ಎಂಬುದಾಯಿತು. ಇನ್ನು, ಕಳಿಸುವ ಮುಂಚೆ ಅದನ್ನು ಹಿಡಿಯುವುದು ಹೇಗೆ? ಸ್ಪೆಲಿಂಗ್ ನೋಡುವ ವ್ಯವಸ್ಥೆಯನ್ನು ಮಾತ್ರ ನಂಬಬೇಡಿ. ಬಿಡಿಬಿಡಿಯಾಗಿ ಪ್ರತಿ ಪದವೂ ಸರಿಯಿರುವುದರಿಂದ ಅದು ಗೆರೆ ಎಳೆಯುವುದಿಲ್ಲ. ಹುಡುಕುವ ಕಿಂಡಿಯಲ್ಲಿ 'ಏಬಲ್' ಎಂದು ಟೈಪ್ ಮಾಡಿ. ಅದು ಸಿಕ್ಕ ಪ್ರತಿ ಕಡೆ ಎಡಕ್ಕೆ ನೋಡಿ. 'ಆಮ್', 'ಈಸ್', 'ಆರ್', 'ವಾಸ್', 'ವರ್', 'ಬಿ', 'ಬೀನ್' ಇವುಗಳಲ್ಲಿ ಒಂದಿದೆಯೇ? ಪ್ರಶ್ನೆಯಾದರೆ ನಡುವೆ 'ಯು' ಇರುತ್ತದೆ, ಇಲ್ಲವೆನ್ನುವಾಗ 'ನಾಟ್' ಇರುತ್ತದೆ. ಅದನ್ನು ದಾಟಿ ನೋಡಿ. ಕಚೇರಿಯ ಮೇಲ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲ ಸಲವೂ ಇವುಗಳಲ್ಲಿ ಒಂದು ಇರಲೇಬೇಕು. ಆಮೇಲೆ 'ಡಿಡ್' ಎಂದು ಹುಡುಕಿ. ಈ ಸಲ ಬಲಕ್ಕೆ ನೋಡಿ. ಅಲ್ಲಿ ಕ್ರಿಯಾಪದ ಮೂಲ ರೂಪದಲ್ಲಿದೆಯೇ? 'ಏಬಲ್'ಗೆ ಎಡ, 'ಡಿಡ್'ಗೆ ಬಲ.

ಇದರ ಜೊತೆಗೆ ಬರುವ ಇನ್ನೆರಡು ತಪ್ಪು ಬೇಗ ಹೇಳುತ್ತೇನೆ. 'ಐ ಆಮ್ ಅಗ್ರೀ' ಎಂದು ಬರೆಯುತ್ತಾರೆ. 'ಅಗ್ರೀ' ತಾನೇ ಕ್ರಿಯಾಪದ, ಅದಕ್ಕೆ 'ಆಮ್' ಬೇಡ. 'ಐ ಅಗ್ರೀ.' 'ಏಬಲ್'ಗೆ ಬೇಕಿದ್ದದ್ದು ಇಲ್ಲಿ ಬೇಡ, ಏಕೆಂದರೆ ಅದು ಗುಣವಾಚಕ, ಇದು ಕ್ರಿಯಾಪದ. ಎರಡನೆಯದು 'ವಿ ಮಸ್ಟ್ ಟು ಸಬ್ಮಿಟ್', 'ಯು ಶುಡ್ ಟು ಸೈನ್'. 'ಮಸ್ಟ್', 'ಶುಡ್' ಎರಡೂ 'ಕ್ಯಾನ್' ಗುಂಪಿನವು, ಅವುಗಳ ಹಿಂದೆ 'ಟು' ಬರುವುದಿಲ್ಲ.

ಕೊನೆಯದಾಗಿ, ತಂಡದ ಮುಖ್ಯಸ್ಥರಿಗೆ ಒಂದು ಮಾತು. ನಿಮ್ಮ ಕೈಕೆಳಗಿನವರ ಮೇಲ್‌ನಲ್ಲಿ ಇಂಥ ತಪ್ಪು ಕಂಡರೆ ಎಲ್ಲರಿಗೂ ಹೋಗುವ ಉತ್ತರದಲ್ಲಿ ತಿದ್ದಬೇಡಿ. ಬೇರೆಯಾಗಿ ಕರೆದು ಹೇಳಿ. 'ಗ್ರಾಮರ್ ನೋಡಿಕೊಳ್ಳಿ' ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮೊದಲು 'ಈ ಕೆಲಸ ಆಗಿದೆಯೋ, ಆಗುತ್ತದೆಯೋ' ಎಂದು ಕನ್ನಡದಲ್ಲೇ ಕೇಳಿ. 'ಆಗಿದೆ ಸಾರ್, ನಿನ್ನೆ ಮುಗಿಸಿದೆವು' ಎಂಬ ಉತ್ತರ ಬಂದರೆ, ಆ 'ಮುಗಿಸಿದೆವು' ಎಂಬುದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. 'ವಿ ಫಿನಿಶ್ಡ್ ಇಟ್ ಯೆಸ್ಟರ್‌ಡೇ' ಎಂದು ಅವರೇ ಬರೆಯುತ್ತಾರೆ.